ಎರಡನೆಯ ಪ್ರಶ್ನೆಗೆ ತಯಾರಿ: ಸಾಫ್ಟ್‌ವೇರ್ ಫ್ರೆಶರ್‌ಗೆ ಫ್ರೆಂಚ್‌ನಲ್ಲಿ ಒಂದು ಅಣಕು ಸಂದರ್ಶನ

ಫ್ರೆಂಚ್‌ನಲ್ಲಿ ಸಂದರ್ಶನಕ್ಕೆ ಕೂರುವ ಫ್ರೆಶರ್‌ಗಳು ಮೊದಲ ಪ್ರಶ್ನೆಗೆ ಸಾಮಾನ್ಯವಾಗಿ ಚೆನ್ನಾಗಿಯೇ ಉತ್ತರಿಸುತ್ತಾರೆ. ಅದನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ತಡವರಿಸುವುದು ಅದರ ಬೆನ್ನಿಗೇ ಬರುವ ಎರಡನೆಯ ಪ್ರಶ್ನೆಗೆ. ಫ್ರೆಂಚರು ಅದನ್ನು 'ರಲಾಂಸ್' ಎನ್ನುತ್ತಾರೆ. ನೀವು ಈಗಷ್ಟೇ ಹೇಳಿದ್ದರಲ್ಲಿ ಒಂದು ಎಳೆ ಹಿಡಿದು ಇನ್ನಷ್ಟು ಕೆದಕಿ ಕೇಳುವುದು. ಬಾಯಿಪಾಠ ಅಲ್ಲಿಗೆ ಮುಗಿಯುತ್ತದೆ. ಹಾಗಾಗಿ ಅಣಕು ಸಂದರ್ಶನದಲ್ಲಿ ಅಭ್ಯಾಸ ಆಗಬೇಕಾದ್ದು ಮೊದಲ ಉತ್ತರವಲ್ಲ, ಅದರ ನಂತರದ ಎರಡು ಮೂರು ಪ್ರಶ್ನೆಗಳು. ಈ ಮಾತನ್ನೇ ಇಟ್ಟುಕೊಂಡು ಒಂದು ಸಂದರ್ಶನವನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ.

ಫ್ರೆಂಚ್ ವಾಕ್ಯಗಳನ್ನು ಕಿವಿಗೆ ಕೇಳುವ ಹಾಗೆ ಕನ್ನಡ ಅಕ್ಷರದಲ್ಲಿ ಕೊಡುತ್ತೇನೆ. ಮೂರು ಗುರುತು ನೆನಪಿರಲಿ. ಚುಕ್ಕೆಯಿಲ್ಲದ 'ಜ' ಬಂದಲ್ಲಿ ನಾಲಿಗೆ ಅಂಗುಳಕ್ಕೆ ತಾಗಬಾರದು, 'ಶ'ಕ್ಕೆ ದನಿ ಸೇರಿಸಿದಂತೆ ಉಜ್ಜಿಕೊಂಡು ಬರಬೇಕು. ಚುಕ್ಕೆಯಿರುವ 'ಜ಼' ಮಾತ್ರ ಜ಼ೀರೋದ ಮೊದಲ ಅಕ್ಷರ. ಸೊನ್ನೆ ಬಂದಲ್ಲಿ ಸ್ವರವನ್ನು ಮೂಗಿನಿಂದ ಹೊರಡಿಸಿ ನಿಲ್ಲಿಸಬೇಕು. ಕನ್ನಡದ ಅಭ್ಯಾಸದಂತೆ ಅದರ ಮುಂದೆ 'ನ್' ಅಥವಾ 'ಮ್' ಸೇರಿಸಿದರೆ ಪದವೇ ಬದಲಾದೀತು. ಕೊನೆಯದಾಗಿ 'ಯು' ಎಂದು ಬರೆದಿರುವ ಕಡೆ ತುಟಿಯನ್ನು 'ಉ'ಕಾರಕ್ಕೆ ದುಂಡಗೆ ಮಾಡಿ, ನಾಲಿಗೆಯನ್ನು 'ಈ'ಕಾರದ ಜಾಗದಲ್ಲಿಟ್ಟು ಹೇಳಿ.

ಅಣಕು ಸಂದರ್ಶನಕ್ಕೆ ಮೂವರು ಬೇಕು, ಇಪ್ಪತ್ತು ನಿಮಿಷ ಸಾಕು. ಒಬ್ಬರು ಕೇಳುವವರು, ಒಬ್ಬರು ಅಭ್ಯರ್ಥಿ, ಮೂರನೆಯವರು ಸುಮ್ಮನೆ ಕೇಳಿಸಿಕೊಂಡು ಬರೆದುಕೊಳ್ಳುವವರು. ಕೇಳುವವರ ಕೈಯಲ್ಲಿ ಐದೇ ಪ್ರಶ್ನೆ, ಒಂದೊಂದರ ಕೆಳಗೆ ಮೂರು ರಲಾಂಸ್. ಮುಖ್ಯ ಪ್ರಶ್ನೆಗಳು ಅಭ್ಯರ್ಥಿಗೆ ಮೊದಲೇ ಗೊತ್ತಿರಬಹುದು, ರಲಾಂಸ್ ಗೊತ್ತಿರಬಾರದು. ಬರೆದುಕೊಳ್ಳುವವರು ಎಲ್ಲ ತಪ್ಪನ್ನೂ ಗುರುತು ಹಾಕಲು ಹೋಗಬಾರದು. ಕ್ರಿಯಾಪದದ ಕಾಲ ಎಲ್ಲಿ ಜಾರಿತು, 'ನಾನು' ಎನ್ನಬೇಕಾದಲ್ಲಿ 'ನಾವು' ಎಂದದ್ದು ಎಲ್ಲಿ, ಪ್ರಶ್ನೆ ಅರ್ಥವಾಗದೆಯೇ ಉತ್ತರ ಕೊಟ್ಟದ್ದು ಎಲ್ಲಿ, ಈ ಮೂರನ್ನು ಮಾತ್ರ ಹಿಡಿಯಲಿ. ಇಡೀ ಮಾತುಕತೆ ಫೋನಿನಲ್ಲಿ ರೆಕಾರ್ಡ್ ಆಗಲಿ. ನಡುವೆ ನಿಲ್ಲಿಸಿ ತಿದ್ದುವುದು ಬೇಡ, ಏಕೆಂದರೆ ತಡವರಿಸಿದ ಮೇಲೆ ಸಾವರಿಸಿಕೊಂಡು ಮುಂದುವರಿಯುವುದೂ ಇಲ್ಲಿ ಕಲಿಯಬೇಕಾದ್ದೇ.

ಆರಂಭ 'ಬೋಂಜೂರ್ ಮದಾಮ್' ಅಥವಾ 'ಬೋಂಜೂರ್ ಮಸಿಯ' ಎಂಬ ನಮಸ್ಕಾರದಿಂದ. ಎದುರಿನವರನ್ನು ಕೊನೆಯವರೆಗೂ 'ವೂ' ಎಂದೇ, ಅಂದರೆ ಬಹುವಚನದಲ್ಲೇ ಕರೆಯಬೇಕು. ಸಣ್ಣ ಕಂಪನಿಗಳಲ್ಲಿ ಅವರೇ 'ಓಂ ಪ ಸ ತ್ಯುತ್ವಾಯೆ?' ಎಂದು ಕೇಳಬಹುದು, ಏಕವಚನದಲ್ಲಿ ಮಾತಾಡೋಣವೇ ಎಂದು. ಆಗ 'ವಿ, ಆವೆಕ್ ಪ್ಲೆಜ಼ಿರ್' ಎಂದು ಒಪ್ಪಿ 'ತ್ಯು'ಗೆ ಬದಲಾಯಿಸಿಕೊಳ್ಳಿ. ಅವರು ಕೇಳುವ ಮೊದಲು ನೀವಾಗಿ ಬದಲಾಯಿಸಬೇಡಿ. ಒಂದೇ ಉತ್ತರದಲ್ಲಿ ಎರಡನ್ನೂ ಬೆರೆಸುವುದಂತೂ ಕಿವಿಗೆ ಚುಚ್ಚುತ್ತದೆ.

ಇನ್ನು ಮೊದಲ ಪ್ರಶ್ನೆ: 'ಪಾರ್ಲೆ ಮ್ವಾ ದ ವೂ.' ನಿಮ್ಮ ಬಗ್ಗೆ ಹೇಳಿ. ಅಭ್ಯರ್ಥಿ ಹುಡುಗಿ ಎಂದುಕೊಳ್ಳೋಣ. ಆಕೆಯ ಉತ್ತರ ಒಂದರಿಂದ ಒಂದೂವರೆ ನಿಮಿಷದ ಒಳಗಿರಬೇಕು. ಅದರ ಬೆನ್ನೆಲುಬು ಮೂರೇ ವಾಕ್ಯ.

'ಜ ವಿಯಾಂ ದ ತೆರ್ಮಿನೆ ಮೆಜ಼ೆತ್ಯುದ್ ದ್ಯಾಂಫೊರ್ಮಾತಿಕ್.' ಕಂಪ್ಯೂಟರ್ ಓದು ಈಗಷ್ಟೇ ಮುಗಿಸಿದ್ದೇನೆ.

'ಜೆ ಫೆ ಅಂ ಸ್ತಾಜ್ ದ ಸಿ ಮ್ವಾ.' ಆರು ತಿಂಗಳ ಇಂಟರ್ನ್‌ಶಿಪ್ ಮಾಡಿದ್ದೇನೆ.

'ಜ ಶೆರ್ಶ್ ಅಂ ಪ್ರಮಿಯೆ ಪೊಸ್ತ್ ದ ದೆವ್ಲೊಪಜ಼್.' ಡೆವಲಪರ್ ಆಗಿ ಮೊದಲ ಕೆಲಸ ಹುಡುಕುತ್ತಿದ್ದೇನೆ. ಹುಡುಗನಾದರೆ ಕೊನೆಯ ಪದ 'ದೆವ್ಲೊಪರ್' ಆಗುತ್ತದೆ.

ಇಲ್ಲಿ ಇಂಗ್ಲಿಷ್ ಗೊತ್ತಿರುವುದೇ ಕಾಲಿಗೆ ತೊಡಕಾಗುತ್ತದೆ. 'ನಾನೊಬ್ಬ ಎಂಜಿನಿಯರ್' ಎನ್ನಲು 'ಜ ಸ್ವಿ' ಆದಮೇಲೆ 'ಅಂ' ಸೇರಿಸುತ್ತಾರೆ. ಫ್ರೆಂಚ್‌ನಲ್ಲಿ ವೃತ್ತಿ ಹೇಳುವಾಗ ಆ 'ಒಂದು' ಬರುವುದಿಲ್ಲ, 'ಜ ಸ್ವಿ ಆ್ಯಂಜೆನಿಯರ್' ಅಷ್ಟೆ. ಪದವಿ ಮುಗಿಸಿದೆ ಎನ್ನಲು 'ಗ್ರಾದ್ಯುಏ' ಎನ್ನುತ್ತಾರೆ, ಫ್ರಾನ್ಸಿನಲ್ಲಿ ಹೇಳುವುದು 'ದಿಪ್ಲೋಮೆ' ಎಂದು. ಅರ್ಜಿ ಹಾಕಿದೆ ಎನ್ನಲು 'ಆಪ್ಲಿಕೆ' ಎನ್ನುತ್ತಾರೆ. ಅದು ಬಣ್ಣವನ್ನೋ ನಿಯಮವನ್ನೋ ಹಚ್ಚುವುದಕ್ಕೆ ಬಳಸುವ ಪದ. ಕೆಲಸಕ್ಕೆ ಅರ್ಜಿ ಹಾಕಿದ್ದು 'ಜೆ ಪೊಸ್ತ್ಯುಲೆ'. ವಯಸ್ಸು, ಮದುವೆ, ಮನೆಯವರ ವಿವರ ಇವನ್ನೆಲ್ಲ ನೀವಾಗಿ ಹೇಳಬೇಕಿಲ್ಲ. ಫ್ರಾನ್ಸಿನ ಕಾರ್ಮಿಕ ಸಂಹಿತೆಯ ಪ್ರಕಾರ ಅಭ್ಯರ್ಥಿಯಿಂದ ಕೇಳುವ ಮಾಹಿತಿ ಆ ಕೆಲಸ ಮಾಡುವ ಸಾಮರ್ಥ್ಯವನ್ನು ಅಳೆಯುವುದಕ್ಕಷ್ಟೇ ಇರಬೇಕು.

ಈ ಉತ್ತರದ ಮೇಲೆ ಬರುವ ರಲಾಂಸ್ ಬಹುಪಾಲು ಇಂಟರ್ನ್‌ಶಿಪ್ ಬಗ್ಗೆ. ಆರು ತಿಂಗಳಲ್ಲಿ ನೀವು ದಿನವೂ ಏನು ಮಾಡುತ್ತಿದ್ದಿರಿ, ನಿಮ್ಮ ತಂಡದಲ್ಲಿ ಎಷ್ಟು ಮಂದಿ, ಅದನ್ನು ಅಲ್ಲೇ ಏಕೆ ಮುಂದುವರಿಸಲಿಲ್ಲ. ಮೂರಕ್ಕೂ ಎರಡೆರಡು ವಾಕ್ಯ ಸಿದ್ಧವಿದ್ದರೆ ಸಾಕು. ಮೂರನೆಯದಕ್ಕೆ ಹಳೆಯ ಕಂಪನಿಯ ದೂರು ಹೇಳಬೇಡಿ. ಆ ತಂಡದಲ್ಲಿ ಖಾಲಿ ಹುದ್ದೆ ಇರಲಿಲ್ಲ ಎಂಬುದು ನಿಜವಾದರೆ ಅದನ್ನೇ ನೇರವಾಗಿ ಹೇಳಿ.

ಸಂದರ್ಶನದ ತಿರುಳಿರುವುದು ಎರಡನೆಯ ಮುಖ್ಯ ಪ್ರಶ್ನೆಯಲ್ಲಿ: 'ಪಾರ್ಲೆ ಮ್ವಾ ದಂ ಪ್ರೊಜೆ ದೋಂ ವೂಜ಼ೆತ್ ಫಿಯೆರ್.' ನಿಮಗೆ ಹೆಮ್ಮೆಯಿರುವ ಒಂದು ಪ್ರಾಜೆಕ್ಟ್ ಬಗ್ಗೆ ಹೇಳಿ. ಸಾಮಾನ್ಯವಾಗಿ ಬರುವ ಉತ್ತರ ಹೀಗಿರುತ್ತದೆ: ನಾವು ಗ್ರಂಥಾಲಯದ ಅಪ್ಲಿಕೇಶನ್ ಮಾಡಿದೆವು, ನಾವು ಜಾವಾ ಬಳಸಿದೆವು, ನಾವು ಮೈ ಎಸ್‌ಕ್ಯುಎಲ್ ಬಳಸಿದೆವು. ವ್ಯಾಕರಣ ಎಲ್ಲ ಸರಿಯಿದೆ, ಆದರೆ ಅಭ್ಯರ್ಥಿ ಅದರಲ್ಲಿ ಎಲ್ಲೂ ಇಲ್ಲ. ತಕ್ಷಣ ಬರುವ ರಲಾಂಸ್: 'ಎ ವೂ, ಕೆಸ್ ಕ ವೂಜ಼ಾವೆ ಫೆ ಎಗ್ಜ಼ಾಕ್ತಮಾಂ?' ಸರಿ, ನೀವು ಮಾಡಿದ್ದು ನಿಖರವಾಗಿ ಏನು? ಈ ಪ್ರಶ್ನೆ ಬರುವವರೆಗೆ ಕಾಯದೆ, ಮೊದಲ ಉತ್ತರದಲ್ಲೇ ತಂಡವನ್ನು ಒಂದು ವಾಕ್ಯದಲ್ಲಿ ಮುಗಿಸಿ ನಿಮ್ಮ ಪಾಲಿಗೆ ಇಳಿಯಬೇಕು.

ಹೀಗೆ ಹೇಳಬಹುದು. 'ಓಂ ನೆತೆ ಕಾತ್ರ್. ಮ್ವಾ, ಜ ಮೊಕ್ಯುಪೆ ದ ಲಾ ರಶೆರ್ಶ್.' ನಾವು ನಾಲ್ವರಿದ್ದೆವು, ಹುಡುಕಾಟದ ಭಾಗ ನನ್ನದು. 'ಲಾ ರಶೆರ್ಶ್ ಪ್ರನೆ ಕಾತ್ರ್ ಸಗೋಂದ್.' ಹುಡುಕಲು ನಾಲ್ಕು ಸೆಕೆಂಡು ಹಿಡಿಯುತ್ತಿತ್ತು. 'ಜೆ ರಗಾರ್ದೆ ಲಾ ರಕೆತ್.' ನಾನು ಕ್ವೆರಿಯನ್ನು ಪರಿಶೀಲಿಸಿದೆ. 'ಜೆ ಆಜೂತೆ ಅಂ ನ್ಯಾಂದೆಕ್ಸ್ ಸ್ಯುರ್ ಲ ತಿತ್ರ್.' ಶೀರ್ಷಿಕೆಯ ಕಾಲಮ್‌ಗೆ ಒಂದು ಇಂಡೆಕ್ಸ್ ಸೇರಿಸಿದೆ. 'ಮ್ಯಾಂತ್ನಾಂ, ಸಾ ಪ್ರಾಂ ಮ್ವ್ಯಾಂ ದ್ಯುನ್ ದಮಿ ಸಗೋಂದ್.' ಈಗ ಅರ್ಧ ಸೆಕೆಂಡಿಗಿಂತ ಕಡಿಮೆ ಸಾಕು.

ಈ ಐದಾರು ವಾಕ್ಯಗಳಲ್ಲಿ ಮೂರು ಕಾಲಗಳಿವೆ. ಮೊದಲಿದ್ದ ಪರಿಸ್ಥಿತಿಗೆ 'ಆ್ಯಂಪಾರ್ಫೆ', ಅಂದರೆ ಕನ್ನಡದಲ್ಲಿ 'ಹಿಡಿಯುತ್ತಿತ್ತು', 'ಇದ್ದೆವು' ಎನ್ನುವ ಬಗೆಯ ಭೂತಕಾಲ. ನೀವು ಮಾಡಿ ಮುಗಿಸಿದ ಒಂದೊಂದು ಕೆಲಸಕ್ಕೆ 'ಪಾಸೆ ಕೋಂಪೋಜ಼ೆ', ಅಂದರೆ 'ನೋಡಿದೆ', 'ಸೇರಿಸಿದೆ'. ಫಲಿತಾಂಶಕ್ಕೆ ವರ್ತಮಾನ. ಕನ್ನಡದವರಿಗೆ ಈ ವ್ಯತ್ಯಾಸ ಅರ್ಥವಾಗುವುದು ಕಷ್ಟವಲ್ಲ, ನಮ್ಮಲ್ಲೂ ಇರುವಂಥದ್ದೇ. ಕಷ್ಟವಿರುವುದು ಉಚ್ಚಾರಣೆಯಲ್ಲಿ. 'ಜ ರಗಾರ್ದೆ' ಎಂದರೆ 'ನೋಡುತ್ತಿದ್ದೆ', 'ಜೆ ರಗಾರ್ದೆ' ಎಂದರೆ 'ನೋಡಿದೆ'. ಕೊನೆಯ ಸ್ವರದಲ್ಲಿರುವ ಸೂಕ್ಷ್ಮ ಭೇದವನ್ನು ಎಷ್ಟೋ ಫ್ರೆಂಚರೇ ಮಾಡುವುದಿಲ್ಲ. ಹಾಗಾಗಿ ಅರ್ಥ ನಿಂತಿರುವುದು ಮೊದಲ ಅಕ್ಷರದ ಮೇಲೆ. ಗಾಬರಿಯಲ್ಲಿ ಎಲ್ಲ 'ಜ'ಗಳೂ 'ಜೆ' ಆಗಿಬಿಡುತ್ತವೆ, ಆಗ ಕೇಳುವವರಿಗೆ ದಿನವೂ ನಡೆಯುತ್ತಿದ್ದ ಕೆಲಸ ಯಾವುದು, ಒಮ್ಮೆ ಮಾಡಿ ಮುಗಿಸಿದ್ದು ಯಾವುದು ಎಂದು ತಿಳಿಯುವುದಿಲ್ಲ. ರೆಕಾರ್ಡಿಂಗ್ ಕೇಳುವಾಗ ಈ ಒಂದು ಅಕ್ಷರಕ್ಕೇ ಕಿವಿಗೊಟ್ಟು ಒಂದು ಸುತ್ತು ಕೇಳಿ. ಇನ್ನೊಂದು ಸಣ್ಣ ಸಂಗತಿ: 'ಸಗೋಂದ್' ಪದದ ಬರಹದಲ್ಲಿ 'ಕ' ಇದ್ದಂತೆ ಕಂಡರೂ ಉಚ್ಚಾರ 'ಗ'.

ಈಗ ರಲಾಂಸ್‌ಗಳ ಸರದಿ. ಪ್ರಾಜೆಕ್ಟ್ ನಿಜವಾಗಿ ನಿಮ್ಮದೋ ಅಲ್ಲವೋ ಎಂಬುದು ಗೊತ್ತಾಗುವುದು ಇಲ್ಲೇ.

'ಕೋಂಬಿಯಾಂ ದ ಲಿಞ್?' ಎಷ್ಟು ಸಾಲುಗಳಿದ್ದವು? ಒಂದು ಕಾಲೇಜಿನ ಗ್ರಂಥಾಲಯದ ಕೆಲವು ಸಾವಿರ ಪುಸ್ತಕಗಳನ್ನು ಹುಡುಕಲು ನಾಲ್ಕು ಸೆಕೆಂಡು ಹಿಡಿಯಿತು ಎಂದರೆ ಅನುಭವಿಗಳು ನಂಬುವುದಿಲ್ಲ. ಅಷ್ಟು ಚಿಕ್ಕ ಟೇಬಲ್ಲನ್ನು ಡೇಟಾಬೇಸ್ ಕಣ್ಣುಮುಚ್ಚಿ ತೆರೆಯುವುದರೊಳಗೆ ಓದಿ ಮುಗಿಸುತ್ತದೆ. ನೀವು ಪರೀಕ್ಷೆಗೆಂದು ಇಪ್ಪತ್ತು ಲಕ್ಷ ಸಾಲು ತುಂಬಿಸಿದ್ದರೆ ಹಾಗೇ ಹೇಳಿ: 'ದ ಮಿಲಿಯೋಂ ದ ಲಿಞ್, ದೆ ದೊನೆ ದ ತೆಸ್ತ್.' ಇಪ್ಪತ್ತು ಲಕ್ಷ ಫ್ರೆಂಚ್‌ನಲ್ಲಿ ಎರಡು ಮಿಲಿಯನ್. ಲಕ್ಷದ ಲೆಕ್ಕವನ್ನು ಮನಸ್ಸಿನಲ್ಲೇ ಬದಲಿಸಲು ಹೋದರೆ ಸೊನ್ನೆ ತಪ್ಪುತ್ತದೆ. ನಿಮ್ಮ ಪ್ರಾಜೆಕ್ಟಿನ ನಾಲ್ಕೈದು ಅಂಕಿಗಳನ್ನು ಮೊದಲೇ ಫ್ರೆಂಚ್‌ನಲ್ಲಿ ಬರೆದಿಟ್ಟುಕೊಂಡು ಗಟ್ಟಿಯಾಗಿ ಓದಿ.

ಎರಡನೆಯ ರಲಾಂಸ್: ಇಂಡೆಕ್ಸ್ ಇಲ್ಲ ಎಂಬುದು ನಿಮಗೆ ಹೇಗೆ ಗೊತ್ತಾಯಿತು? ಇದಕ್ಕೆ ಉತ್ತರ ಕೊಡಲು ಈ ಎರಡು ಸಾಲು ಕೈಯಲ್ಲಿ ಬರೆದು ನೋಡಿರಬೇಕು.

```sql
EXPLAIN SELECT * FROM livres WHERE titre LIKE 'Java%';
CREATE INDEX idx_titre ON livres (titre);
```

ಮೈ ಎಸ್‌ಕ್ಯುಎಲ್‌ನಲ್ಲಿ ಮೊದಲ ಸಾಲಿನ ಫಲಿತಾಂಶದಲ್ಲಿ `type` ಎಂಬ ಕಾಲಮ್ ಇರುತ್ತದೆ. ಅಲ್ಲಿ `ALL` ಎಂದು ಬಂದರೆ ಟೇಬಲ್ಲಿನ ಪ್ರತಿ ಸಾಲನ್ನೂ ಓದಲಾಗುತ್ತಿದೆ ಎಂದರ್ಥ. ಇಂಡೆಕ್ಸ್ ಹಾಕಿದ ಮೇಲೆ ಅದೇ ಜಾಗದಲ್ಲಿ `range` ಬರುತ್ತದೆ. ಫ್ರೆಂಚ್‌ನಲ್ಲಿ ಇದನ್ನು ಹೇಳಲು ಒಂದೇ ವಾಕ್ಯ ಸಾಕು: 'ಲಾ ಬಾಜ಼್ ಲಿಜ಼ೆ ತೂತ್ ಲಾ ತಾಬ್ಲ್.' ಡೇಟಾಬೇಸ್ ಇಡೀ ಟೇಬಲ್ಲನ್ನೇ ಓದುತ್ತಿತ್ತು.

ಮೂರನೆಯದು ಸ್ವಲ್ಪ ಗಡಸು. 'ಎ ಸಿ ಲ್ಯುತಿಲಿಜ಼ಾತರ್ ತಾಪ್ ಅಂ ಮೋ ದ್ಯು ಮಿಲಿಯ ದ್ಯು ತಿತ್ರ್?' ಬಳಕೆದಾರ ಶೀರ್ಷಿಕೆಯ ನಡುವಿನ ಪದವೊಂದನ್ನು ಕೊಟ್ಟರೆ? ಆಗ ಹುಡುಕಾಟ `LIKE '%Java%'` ಆಗುತ್ತದೆ. ಇಂಡೆಕ್ಸ್ ಅಕ್ಷರಗಳನ್ನು ಮೊದಲಿನಿಂದ ಜೋಡಿಸಿಟ್ಟಿರುತ್ತದೆ, ನಿಘಂಟಿನ ಹಾಗೆ. ಪದ ಯಾವ ಅಕ್ಷರದಿಂದ ಶುರುವಾಗುತ್ತದೆ ಎಂದೇ ಗೊತ್ತಿಲ್ಲದಿದ್ದರೆ ಆ ಜೋಡಣೆ ಉಪಯೋಗಕ್ಕೆ ಬಾರದು, ಮತ್ತೆ ಎಲ್ಲವನ್ನೂ ಓದಲೇಬೇಕು. ಉತ್ತರ: 'ದಾಂ ಸ ಕಾ, ಸೆ ತ್ಯಾಂದೆಕ್ಸ್ ನ ಸೆರ್ ಆ ರಿಯಾಂ. ಜ್ಯುತಿಲಿಜ಼್ರೆ ಅಂ ನ್ಯಾಂದೆಕ್ಸ್ ಪ್ಲ್ಯಾಂ ತೆಕ್ಸ್ತ್.' ಹಾಗಿದ್ದರೆ ಈ ಇಂಡೆಕ್ಸ್‌ನಿಂದ ಪ್ರಯೋಜನವಿಲ್ಲ, ನಾನಾದರೆ ಫುಲ್ ಟೆಕ್ಸ್ಟ್ ಇಂಡೆಕ್ಸ್ ಬಳಸುತ್ತೇನೆ. ಇಲ್ಲಿ ಬಂದಿರುವ 'ಜ್ಯುತಿಲಿಜ಼್ರೆ' ನಾಲ್ಕನೆಯ ರೂಪ, ಅದು 'ಕೋಂದಿಸಿಯೊನೆಲ್'. ಇನ್ನೂ ಮಾಡಿಲ್ಲದ, ಆದರೆ ಮಾಡಬಹುದಾದ ಕೆಲಸಕ್ಕೆ ಅದನ್ನೇ ಬಳಸಬೇಕು. ಭೂತಕಾಲದಲ್ಲಿ ಹೇಳಿದರೆ ಮಾಡಿದ್ದೇನೆ ಎಂದಂತಾಗುತ್ತದೆ, ಮುಂದಿನ ರಲಾಂಸ್‌ನಲ್ಲಿ ಸಿಕ್ಕಿಬೀಳುತ್ತೀರಿ. ಫ್ರೆಶರ್‌ಗೆ ಈ ರೂಪ ತುಂಬ ಬೇಕಾಗುತ್ತದೆ, ಏಕೆಂದರೆ ಅವರ ಹತ್ತಿರ ಮಾಡಿ ಮುಗಿಸಿದ್ದಕ್ಕಿಂತ ಹೀಗೆ ಮಾಡುತ್ತೇನೆ ಎಂದು ಯೋಚಿಸಿ ಹೇಳಬೇಕಾದದ್ದೇ ಹೆಚ್ಚು.

ಇಂಡೆಕ್ಸ್‌ನ ತೊಂದರೆ ಏನು ಎಂದೂ ಕೇಳಬಹುದು. 'ಲ್ಯಾಂದೆಕ್ಸ್ ರಾಲಾಂತಿ ಲೆಜ಼ೆಕ್ರಿತ್ಯುರ್.' ಹೊಸ ಸಾಲು ಸೇರಿಸುವಾಗಲೆಲ್ಲ ಇಂಡೆಕ್ಸನ್ನೂ ತಿದ್ದಬೇಕಾಗುವುದರಿಂದ ಬರೆಯುವ ಕೆಲಸ ನಿಧಾನವಾಗುತ್ತದೆ. ಪುಸ್ತಕಗಳನ್ನು ಸೇರಿಸುವುದು ಅಪರೂಪ, ಹುಡುಕುವುದು ಪದೇ ಪದೇ. ಹಾಗಾಗಿ ಇಲ್ಲಿ ಆ ಬೆಲೆ ತೆರಬಹುದು ಎಂದು ಒಂದು ಮಾತು ಸೇರಿಸಿದರೆ ಉತ್ತರ ಪೂರ್ತಿಯಾಗುತ್ತದೆ.

ಪ್ರಶ್ನೆಯೇ ಅರ್ಥವಾಗದಿದ್ದಾಗ ಏನು ಮಾಡುವುದು? ಬಾಯಿಗೆ ಬರುವ ಮೊದಲ ಪದ 'ಕ್ವಾ?' ಆಗಿರುತ್ತದೆ, ಅದು ಇಲ್ಲಿ ಒರಟು. 'ಎಕ್ಸ್‌ಕ್ಯುಜ಼ೆ ಮ್ವಾ, ಜ ನೆ ಪಾ ಬಿಯಾಂ ಕೋಂಪ್ರಿ. ಪೂರಿಯೆ ವೂ ರಫೊರ್ಮ್ಯುಲೆ?' ಕ್ಷಮಿಸಿ, ಸರಿಯಾಗಿ ಅರ್ಥವಾಗಲಿಲ್ಲ, ಬೇರೆ ರೀತಿಯಲ್ಲಿ ಕೇಳುತ್ತೀರಾ? ಗಮನಿಸಿ, 'ಇನ್ನೊಮ್ಮೆ ಹೇಳಿ' ಎಂದರೆ ಅದೇ ವಾಕ್ಯ ಅದೇ ವೇಗದಲ್ಲಿ ಮತ್ತೆ ಬರುತ್ತದೆ, ಲಾಭವಿಲ್ಲ. ಅರ್ಧ ಅರ್ಥವಾಗಿದ್ದರೆ ಇನ್ನೂ ಒಳ್ಳೆಯ ದಾರಿಯಿದೆ. 'ವೂ ಮ ದಮಾಂದೆ ಸಿ' ಎಂದು ಶುರುಮಾಡಿ ನಿಮಗೆ ತಿಳಿದದ್ದನ್ನು ನೀವೇ ಹೇಳಿ, ನೀವು ಕೇಳುತ್ತಿರುವುದು ಇದನ್ನೇ ತಾನೇ ಎಂದು. ತಪ್ಪಿದ್ದರೆ ಅವರು ಸರಿಪಡಿಸುತ್ತಾರೆ, ಸರಿಯಿದ್ದರೆ ಯೋಚಿಸಲು ನಿಮಗೆ ಐದು ಸೆಕೆಂಡು ಸಿಕ್ಕಿತು. ಗೊತ್ತಿಲ್ಲದ ತಂತ್ರಜ್ಞಾನದ ಬಗ್ಗೆ ಕೇಳಿದರೆ 'ಜ ನ ಲೆ ಪಾ ಜ಼ಾಂಕೋರ್ ಯುತಿಲಿಜ಼ೆ', ಅಂದರೆ ಇನ್ನೂ ಬಳಸಿಲ್ಲ ಎಂದು ಹೇಳಿ, ಅದಕ್ಕೆ ಹತ್ತಿರದ ಯಾವುದನ್ನು ಬಳಸಿದ್ದೀರಿ ಎಂಬುದನ್ನು ಕೂಡಲೇ ಸೇರಿಸಿ.

ಮೂರನೆಯ ಪ್ರಶ್ನೆ ಎಲ್ಲ ಕಡೆ ಇದ್ದದ್ದೇ: 'ಕೆಲ್ ಸೋಂ ವೋ ದೆಫೋ?' ನಿಮ್ಮ ದೋಷಗಳೇನು? 'ಪೆರ್ಫೆಕ್ಸಿಯೊನಿಸ್ತ್' ಎಂಬ ಉತ್ತರ ಕೇಳಿ ಕೇಳಿ ಅವರಿಗೆ ಸಾಕಾಗಿದೆ. ನಿಜವಾದ ಒಂದು ದೋಷ, ಅದಕ್ಕೆ ನೀವು ಮಾಡಿಕೊಂಡ ಒಂದು ಏರ್ಪಾಡು, ಇಷ್ಟೇ ಇರಲಿ. 'ಜೆ ತಾಂದಾಂಸ್ ಆ ದಮಾಂದೆ ದ ಲೆದ್ ತ್ರೋ ತಾರ್. ಮ್ಯಾಂತ್ನಾಂ, ಓ ಬೂ ದ ತ್ರಾಂತ್ ಮಿನ್ಯುತ್, ಜ ಪೋಜ಼್ ಲಾ ಕೆಸ್ತಿಯೋಂ.' ಸಹಾಯ ಕೇಳಲು ತಡಮಾಡುವ ಸ್ವಭಾವ ನನ್ನದು, ಈಗ ಅರ್ಧ ಗಂಟೆ ಪ್ರಯತ್ನಿಸಿ ಆಗದಿದ್ದರೆ ಕೇಳಿಬಿಡುತ್ತೇನೆ. ಸಹಾಯಕ್ಕೆ 'ದಮಾಂದೆ' ಸರಿ, ಪ್ರಶ್ನೆಗೆ ಮಾತ್ರ 'ಪೋಜ಼ೆ'. 'ದಮಾಂದೆ ಯುನ್ ಕೆಸ್ತಿಯೋಂ' ಎಂದು ಫ್ರೆಂಚರು ಹೇಳುವುದಿಲ್ಲ. ರಲಾಂಸ್ ಆಗಿ ಒಂದು ಉದಾಹರಣೆ ಕೇಳುತ್ತಾರೆ, ಅದಕ್ಕೆ ಪ್ರಾಜೆಕ್ಟಿನ ಒಂದು ಘಟನೆ ಇಟ್ಟುಕೊಂಡಿರಿ, ಅದೂ ಮತ್ತೆ ಆ್ಯಂಪಾರ್ಫೆ ಮತ್ತು ಪಾಸೆ ಕೋಂಪೋಜ಼ೆಯ ಜೋಡಿಯಲ್ಲೇ.

ನಾಲ್ಕನೆಯದು ಸಂಬಳ: 'ಕೆಲ್ ಸೋಂ ವೋ ಪ್ರೆತಾಂಸಿಯೋಂ ಸಾಲಾರಿಯಾಲ್?' ಫ್ರಾನ್ಸಿನಲ್ಲಿ ಇದನ್ನು ಹೇಳುವುದು ವರ್ಷದ ಲೆಕ್ಕದಲ್ಲಿ, ಕಡಿತಕ್ಕೆ ಮೊದಲಿನ ಮೊತ್ತದಲ್ಲಿ. ಅದು 'ಬ್ರ್ಯುತ್ ಆನ್ಯುಎಲ್'. ಸಾಮಾಜಿಕ ಭದ್ರತೆಯ ಕಡಿತ ಕಳೆದು ಉಳಿಯುವುದು 'ನೆತ್', ಅದು ಬ್ರ್ಯುತ್‌ಗಿಂತ ಐದನೆಯ ಒಂದು ಭಾಗಕ್ಕೂ ಮಿಕ್ಕಿ ಕಡಿಮೆ ಇರುತ್ತದೆ. ತಿಂಗಳ ನೆತ್ ಮೊತ್ತವನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನೇ ಹನ್ನೆರಡರಿಂದ ಗುಣಿಸಿ ಹೇಳಿದರೆ ನೀವೇ ನಿಮ್ಮ ಸಂಬಳ ಇಳಿಸಿಕೊಂಡಂತೆ. ಒಂದೇ ಅಂಕಿ ಹೇಳುವುದಕ್ಕಿಂತ, ನಡುವೆ ಚಿಕ್ಕ ಅಂತರವಿರುವ ಎರಡು ಅಂಕಿ ಹೇಳುವುದು ಮೇಲು, 'ಆಂತ್ರ್' ಇಷ್ಟು 'ಎ' ಇಷ್ಟು ಎಂದು. ಸಂಖ್ಯೆಗಳಲ್ಲಿ ಎಪ್ಪತ್ತರಿಂದಾಚೆ ಎಚ್ಚರ: ಫ್ರಾನ್ಸಿನಲ್ಲಿ 70 ಎಂದರೆ 'ಸ್ವಾಸಾಂತ್ ದಿಸ್', ಅರವತ್ತು ಹತ್ತು; ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ಅದೇ 'ಸೆಪ್ತಾಂತ್'.

ನಡುವೆ ಎಲ್ಲಾದರೂ ಇಮೇಲ್ ವಿಳಾಸ ಅಕ್ಷರ ಬಿಡಿಸಿ ಹೇಳಿ ಎಂದರೆ ಎಷ್ಟೋ ಮಂದಿ ಎಡವುತ್ತಾರೆ. ಇಂಗ್ಲಿಷಿನ `G` ಫ್ರೆಂಚ್‌ನಲ್ಲಿ 'ಜೆ', `J` 'ಜಿ'. ಅಭ್ಯಾಸವಿಲ್ಲದಿದ್ದರೆ ತಿರುಗುಮುರುಗು ಆಗುವುದು ಖಂಡಿತ. `E` ಅನ್ನು 'ಅ' ಎಂದೂ `I` ಅನ್ನು 'ಇ' ಎಂದೂ ಹೇಳುತ್ತಾರೆ. `@` 'ಆರೋಬಾಜ಼್', ಚುಕ್ಕೆ 'ಪ್ವ್ಯಾಂ', `-` 'ತಿರೆ', `_` 'ತಿರೆ ಬಾ'. ನಿಮ್ಮ ಹೆಸರು ಮತ್ತು ವಿಳಾಸವನ್ನು ಹೀಗೆ ತಡೆಯಿಲ್ಲದೆ ಹೇಳಲು ಬರುವವರೆಗೆ ಒಂದೊಂದೇ ಅಕ್ಷರ ಅಭ್ಯಾಸ ಮಾಡಿ.

ಐದನೆಯ ಪ್ರಶ್ನೆ 'ಆವೆ ವೂ ದೆ ಕೆಸ್ತಿಯೋಂ?' ನಿಮ್ಮದೇನಾದರೂ ಪ್ರಶ್ನೆಯಿದೆಯೇ? ಇಲ್ಲ ಎನ್ನಬೇಡಿ. 'ಕೊಮಾಂ ಸ ಪಾಸ್ ಲಾ ರವ್ಯು ದ ಕೋದ್ ದಾಂ ಲೆಕಿಪ್?' ತಂಡದಲ್ಲಿ ಕೋಡ್ ರಿವ್ಯೂ ಹೇಗೆ ನಡೆಯುತ್ತದೆ ಎಂಬುದು ಫ್ರೆಶರ್‌ಗೆ ನಿಜವಾಗಿ ಬೇಕಾದ ಪ್ರಶ್ನೆ, ಮುಂದಿನ ಒಂದು ವರ್ಷದ ಕಲಿಕೆ ಅದರ ಮೇಲೆ ನಿಂತಿರುತ್ತದೆ. ಕಾಯಂ ಒಪ್ಪಂದವಾದ 'ಸೆ ದೆ ಇ'ಯಲ್ಲಿ ಪ್ರೊಬೇಷನ್ ಎಷ್ಟು ದಿನ ಎಂದೂ ಕೇಳಬಹುದು. ಫ್ರಾನ್ಸಿನಲ್ಲಿ 'ಕಾದ್ರ್', ಅಂದರೆ ಎಂಜಿನಿಯರ್, ಮ್ಯಾನೇಜರ್‌ಗಳಂಥ ಮೇಲಿನ ದರ್ಜೆಯ ನೌಕರರಿಗೆ ಕಾನೂನಿನ ಮೇಲ್ಮಿತಿ ನಾಲ್ಕು ತಿಂಗಳು, ಅದನ್ನು ಒಮ್ಮೆ ವಿಸ್ತರಿಸಬಹುದು. ಇಲ್ಲಿ ಪಾತ್ರ ಅದಲುಬದಲಾಗುತ್ತದೆ, ಅವರ ಉತ್ತರಕ್ಕೆ ಈಗ ನೀವೇ ಒಂದು ರಲಾಂಸ್ ಹಾಕಬೇಕು. ರಿವ್ಯೂ ಮಾಡುವವರು ಯಾರು, ಒಂದು ಬದಲಾವಣೆ ಒಪ್ಪಿಗೆಯಾಗಲು ಸಾಮಾನ್ಯವಾಗಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು.

ಅಣಕು ಸಂದರ್ಶನ ಮುಗಿದ ಮೇಲೆ ಮೂವರೂ ಕೂತು ರೆಕಾರ್ಡಿಂಗ್ ಒಮ್ಮೆ ಕೇಳಿ. ಬರೆದುಕೊಂಡ ತಪ್ಪುಗಳಲ್ಲಿ ಮೂರನ್ನು ಮಾತ್ರ ಆರಿಸಿ, ಆ ವಾಕ್ಯಗಳನ್ನು ಸರಿಪಡಿಸಿ ಹತ್ತು ಹತ್ತು ಸಲ ಗಟ್ಟಿಯಾಗಿ ಹೇಳಿ. ಎರಡು ಮೂರು ದಿನ ಬಿಟ್ಟು ಮತ್ತೊಂದು ಸುತ್ತು ಮಾಡಿ. ಆಗ ಐದು ಪ್ರಶ್ನೆಗಳು ಅವೇ ಇರಲಿ, ಹದಿನೈದು ರಲಾಂಸ್‌ಗಳೂ ಹೊಸದಾಗಿರಲಿ, ಕೇಳುವವರೂ ಬದಲಾಗಲಿ. ಮೊದಲಿನವರ ದನಿ, ವೇಗ ಎರಡಕ್ಕೂ ಅಭ್ಯರ್ಥಿಯ ಕಿವಿ ಹೊಂದಿಕೊಂಡುಬಿಟ್ಟಿರುತ್ತದೆ, ಬೇರೆಯವರು ಕೇಳಿದಾಗಲೇ ನಿಜವಾಗಿ ಎಷ್ಟು ಅರ್ಥವಾಗುತ್ತಿದೆ ಎಂಬುದು ತಿಳಿಯುತ್ತದೆ.